ಎಡಗೈ ಎಕ್ಸ್‌ರೇ ಎತ್ತರ ಹೇಳುತ್ತದೆಯೇ?

ಹುಡುಗನಿಗೆ 13 ವರ್ಷ 6 ತಿಂಗಳು. ಎಂಟನೇ ತರಗತಿ, ಮೊದಲ ಬೆಂಚು, ಪ್ರಾರ್ಥನೆಯ ಸಾಲಿನಲ್ಲೂ ಮೊದಲನೆಯವನು. ಅಪ್ಪ ಅಮ್ಮ ಅವನನ್ನು ಕರೆದುಕೊಂಡು ಬಂದಾಗ ಕೈಯಲ್ಲಿ ಎಕ್ಸ್‌ರೇ ಲಕೋಟೆ ಇತ್ತು. ಯಾರೋ ಪರಿಚಯದವರು ಹೇಳಿದರೆಂದು ತಾವೇ ತೆಗೆಸಿಕೊಂಡು ಬಂದಿದ್ದರು. ವರದಿಯಲ್ಲಿ ಇದ್ದದ್ದು ಒಂದೇ ಸಾಲು: ಗ್ರೋತ್ ಪ್ಲೇಟ್‌ಗಳು ಇನ್ನೂ ಮುಚ್ಚಿಲ್ಲ.

‘ಓಪನ್ ಇದೆ ಅಂತ ಬರೆದಿದ್ದಾರೆ ಡಾಕ್ಟ್ರೇ. ಅಂದ್ರೆ ಬೆಳೀತಾನೆ ಅಲ್ವಾ? ಎಷ್ಟು ಬೆಳೀಬಹುದು? ಇಲ್ಲಾಂದ್ರೆ ಹಾರ್ಮೋನ್ ಇಂಜೆಕ್ಷನ್ ಕೊಡಿಸೋಣ್ವಾ?’ ಅಪ್ಪ ಮೂರು ಪ್ರಶ್ನೆಗಳನ್ನೂ ಒಂದೇ ಉಸಿರಿಗೆ ಕೇಳಿದರು. ಹುಡುಗ ಮಾತ್ರ ಗೋಡೆಯ ಮೇಲಿನ ಅಳತೆಪಟ್ಟಿಯನ್ನೇ ನೋಡುತ್ತ ನಿಂತಿದ್ದ.

ಮಕ್ಕಳ ವೈದ್ಯನಾಗಿ ನಾನು ಇಂಥ ಲಕೋಟೆಗಳನ್ನು ಬಹಳ ನೋಡಿದ್ದೇನೆ. ಆ ಒಂದು ಸಾಲಿನಿಂದ ಅಪ್ಪನ ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಅರ್ಧ ಉತ್ತರ ಸಿಗುತ್ತದೆ, ಅಷ್ಟೇ. ಪ್ಲೇಟ್ ತೆರೆದಿದೆ ಎಂದರೆ ಬೆಳವಣಿಗೆ ಮುಗಿದಿಲ್ಲ ಎಂದರ್ಥ. ಉಳಿದಿರುವುದು ಮೂರು ಸೆಂಟಿಮೀಟರೋ ಮೂವತ್ತೋ ಎಂಬುದು ಅದರಲ್ಲಿಲ್ಲ. ಅದಕ್ಕೆ ಫಿಲ್ಮನ್ನು ಬೇರೆ ರೀತಿ ಓದಬೇಕು.

ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಎಡಗೈ, ಬೆರಳುಗಳೆಲ್ಲ ಬಿಡಿಬಿಡಿಯಾಗಿ ಚಾಚಿವೆ, ಮಣಿಕಟ್ಟು ಪೂರ್ತಿ ಬಂದಿದೆ. ಇಷ್ಟು ಸರಿಯಾಗಿ ತೆಗೆದಿದ್ದರೆ ಅರ್ಧ ಕೆಲಸ ಆದಂತೆ. ಬೆರಳು ಮಡಚಿದ್ದರೆ, ಮಣಿಕಟ್ಟಿನ ಮೇಲಿನ ಮೂಳೆ ಕತ್ತರಿಸಿ ಹೋಗಿದ್ದರೆ ಓದುವವರು ತಪ್ಪುತ್ತಾರೆ. ಎಡಗೈಯೇ ಏಕೆ ಎಂದು ಅನೇಕರು ಕೇಳುತ್ತಾರೆ. ಹೆಚ್ಚಿನವರು ಬಲಗೈಯಲ್ಲಿ ಕೆಲಸ ಮಾಡುವುದರಿಂದ ಎಡಗೈಗೆ ಪೆಟ್ಟು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಹೋಲಿಸಿ ನೋಡುವ ಪುಸ್ತಕದ ಚಿತ್ರಗಳೆಲ್ಲ ಎಡಗೈಯವೇ. ವಿಕಿರಣದ ಭಯವೂ ಬೇಡ. ಭೂಮಿಯ ಮೇಲೆ ಸುಮ್ಮನೆ ಒಂದು ದಿನ ಬದುಕಿದರೆ ಮೈಗೆ ತಾಗುವಷ್ಟೂ ವಿಕಿರಣ ಈ ಎಕ್ಸ್‌ರೇಯಲ್ಲಿ ಇರುವುದಿಲ್ಲ.

ಪ್ರತಿ ಬೆರಳಿನ ಮೂಳೆಯ ಬುಡದಲ್ಲೂ ಒಂದು ಕಪ್ಪು ಗೆರೆ ಕಾಣುತ್ತದೆ. ಗೆರೆಯ ಒಂದು ಬದಿಗೆ ಮೂಳೆಯ ಉದ್ದನೆಯ ದಂಡು, ಇನ್ನೊಂದು ಬದಿಗೆ ಚಿಕ್ಕ ಬಿಲ್ಲೆಯಂಥ ಮೂಳೆ. ಮೊದಲ ಸಲ ನೋಡಿದ ತಾಯಂದಿರು ಮೂಳೆ ಮುರಿದಿದೆಯೆಂದು ಗಾಬರಿಯಾಗುವುದುಂಟು. ಮುರಿದಿಲ್ಲ, ಅದೇ ಗ್ರೋತ್ ಪ್ಲೇಟ್. ಅದು ಮೃದ್ವಸ್ಥಿ, ಅಂದರೆ ಕಿವಿಯ ಹಾಲೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುತ್ತದಲ್ಲ, ಅಂಥ ಬಗ್ಗುವ ಎಲುಬು. ಅದರಲ್ಲಿ ಸುಣ್ಣದಂಶ ಇಲ್ಲದ್ದರಿಂದ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣದೆ ಖಾಲಿ ಸಂದಿಯ ಹಾಗೆ ಕಾಣುತ್ತದೆ. ಆ ಸಂದಿಯೊಳಗೆ ಜೀವಕೋಶಗಳು ನಾಣ್ಯ ಪೇರಿಸಿದಂತೆ ಕಂಬಕಂಬವಾಗಿ ನಿಂತಿರುತ್ತವೆ. ಒಂದು ತುದಿಯಲ್ಲಿ ಅವು ಇಬ್ಭಾಗವಾಗುತ್ತ ಹೆಚ್ಚುತ್ತವೆ, ಮಧ್ಯದಲ್ಲಿ ಊದಿಕೊಳ್ಳುತ್ತವೆ, ದಂಡಿನ ಕಡೆಯ ತುದಿಯಲ್ಲಿ ಸಾಯುತ್ತವೆ. ಸತ್ತ ಜಾಗದಲ್ಲಿ ಮೂಳೆ ಕಟ್ಟಿಕೊಳ್ಳುತ್ತದೆ. ಮೂಳೆ ಉದ್ದವಾಗುವುದು ಹೀಗೆ. ಈ ಕೋಶಗಳ ಇಬ್ಭಾಗಕ್ಕೂ ಒಂದು ಲೆಕ್ಕವಿದೆ. ಹರೆಯದ ಕೊನೆಯಲ್ಲಿ ಅದು ಮುಗಿಯುತ್ತದೆ, ಸಂದಿಯ ಎರಡೂ ಕಡೆಯ ಮೂಳೆ ಬೆಸೆದುಕೊಳ್ಳುತ್ತದೆ, ಕಪ್ಪು ಗೆರೆ ಅಳಿದು ಒಂದು ತೆಳು ಬಿಳಿ ಗೆರೆ ಉಳಿಯುತ್ತದೆ.

ಮುಚ್ಚುವ ಕೆಲಸ ಮಾಡುವುದು ಈಸ್ಟ್ರೋಜೆನ್, ಹುಡುಗಿಯರಲ್ಲೂ ಹುಡುಗರಲ್ಲೂ. ಹುಡುಗರಲ್ಲಿ ಗಂಡು ಹಾರ್ಮೋನಿನ ಸ್ವಲ್ಪ ಪಾಲು ಈಸ್ಟ್ರೋಜೆನ್ ಆಗಿ ಬದಲಾಗುತ್ತದೆ. ಇದು ಖಚಿತವಾದದ್ದು ಒಬ್ಬ ವ್ಯಕ್ತಿಯಿಂದ. 1994ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದ ಆತನಿಗೆ ಆಗ 28 ವರ್ಷ, ಎತ್ತರ 204 ಸೆಂಟಿಮೀಟರ್, ಮೂಳೆಯ ವಯಸ್ಸು ಮಾತ್ರ 15. ಇನ್ನೂ ಬೆಳೆಯುತ್ತಲೇ ಇದ್ದ. ಗಂಡು ಹಾರ್ಮೋನಿಗೇನೂ ಕೊರತೆ ಇರಲಿಲ್ಲ. ಈಸ್ಟ್ರೋಜೆನ್ನಿನ ಮಾತು ಅವನ ಕೋಶಗಳಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ ದೋಷ.

ಈಗ ನಮ್ಮ ಹುಡುಗನ ಫಿಲ್ಮಿಗೆ ಬರೋಣ. ‘ಮೂಳೆಯ ವಯಸ್ಸು’ ಎಂಬ ಮಾತು ದೊಡ್ಡದಾಗಿ ಕೇಳಿಸಿದರೂ ಅದನ್ನು ಕಂಡುಹಿಡಿಯುವ ವಿಧಾನ ಸರಳ. ಗ್ರೂಲಿಕ್ ಮತ್ತು ಪೈಲ್ ಎಂಬಿಬ್ಬರು ಸಿದ್ಧಪಡಿಸಿದ ಒಂದು ಚಿತ್ರಪುಸ್ತಕವಿದೆ. ಮೊದಲು ಬಂದದ್ದು 1950ರಲ್ಲಿ, ಇಂದಿಗೂ ಬಳಕೆಯಲ್ಲಿರುವ ಎರಡನೇ ಮುದ್ರಣ 1959ರದ್ದು. ಹುಟ್ಟಿನಿಂದ ಹರೆಯದ ಕೊನೆಯವರೆಗೆ ಗಂಡುಮಕ್ಕಳದ್ದೊಂದು, ಹೆಣ್ಣುಮಕ್ಕಳದ್ದೊಂದು ಸಾಲು ಎಕ್ಸ್‌ರೇಗಳು ಅದರಲ್ಲಿವೆ. ನಮ್ಮ ಮಗುವಿನ ಕೈ ಯಾವ ಪುಟದ ಕೈಯನ್ನು ಹೋಲುತ್ತದೋ ಆ ಪುಟದ ವಯಸ್ಸೇ ಮೂಳೆಯ ವಯಸ್ಸು. ಬಟ್ಟೆ ಅಂಗಡಿಯಲ್ಲಿ ಸೀರೆಗೆ ರವಿಕೆ ಕಣ ಹೊಂದಿಸುವ ಕೆಲಸದ ಹಾಗೆ, ಕಣ್ಣಿನ ಅಭ್ಯಾಸವೇ ಮುಖ್ಯ.

ಪುಟ್ಟ ಮಕ್ಕಳಲ್ಲಿ ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳು ಒಂದೊಂದಾಗಿ ಹುಟ್ಟಿಕೊಳ್ಳುವುದನ್ನು ನೋಡುತ್ತೇವೆ. ಮೊದಲೆರಡು ಹುಟ್ಟಿದ ಕೆಲವೇ ತಿಂಗಳಲ್ಲಿ ಕಾಣುತ್ತವೆ. ಕೊನೆಯದು ಬಟಾಣಿ ಕಾಳಿನಷ್ಟು, ಹೆಸರಿಗೂ ಲ್ಯಾಟಿನ್ನಿನಲ್ಲಿ ಬಟಾಣಿಯೇ. ದೊಡ್ಡ ಮಕ್ಕಳಲ್ಲಿ ಬೆರಳುಗಳ ಬಿಲ್ಲೆಗಳನ್ನು ನೋಡಬೇಕು. ಮೊದಲು ಬಿಲ್ಲೆ ದಂಡಿಗಿಂತ ಕಿರಿದಾಗಿರುತ್ತದೆ, ಆಮೇಲೆ ಅಷ್ಟೇ ಅಗಲವಾಗುತ್ತದೆ, ಹರೆಯದ ಜಿಗಿತದ ಹೊತ್ತಿಗೆ ಅದರ ಅಂಚುಗಳು ಡಬ್ಬಿಯ ಮುಚ್ಚಳದಂತೆ ದಂಡಿನ ಮೇಲೆ ಬಾಗುತ್ತವೆ. ಅದೇ ಸುಮಾರಿಗೆ ಹೆಬ್ಬೆರಳಿನ ಬುಡದ ಗೆಣ್ಣಿನ ಪಕ್ಕ ಒಂದು ಚುಕ್ಕಿ ಮೂಡುತ್ತದೆ. ಅದಕ್ಕೆ ಸೆಸಮಾಯ್ಡ್ ಎನ್ನುತ್ತಾರೆ, ಎಂದರೆ ಎಳ್ಳಿನಂಥದ್ದು. ಹುಡುಗಿಯರಲ್ಲಿ ಸುಮಾರು 11ಕ್ಕೆ, ಹುಡುಗರಲ್ಲಿ 13ರ ಹೊತ್ತಿಗೆ ಈ ಎಳ್ಳು ಕಾಣಬೇಕು.

ಹುಡುಗನ ಫಿಲ್ಮಿನಲ್ಲಿ ಎಳ್ಳು ಇರಲಿಲ್ಲ. ಬಟಾಣಿ ಸಣ್ಣದಾಗಿ ಇತ್ತು. ಬಿಲ್ಲೆಗಳು ದಂಡಿನಷ್ಟೇ ಅಗಲ, ಅಂಚು ಎಲ್ಲೂ ಬಾಗಿಲ್ಲ. ಪುಸ್ತಕದಲ್ಲಿ ಪುಟ ತಿರುಗಿಸುತ್ತ ಹೋದರೆ 11ನೇ ವರ್ಷದ ಗಂಡುಮಗುವಿನ ಕೈಗೆ ಹೊಂದುತ್ತಿತ್ತು. ಶಾಲೆಯ ದಾಖಲೆಯಲ್ಲಿ ಹದಿಮೂರೂವರೆ, ಮೂಳೆಯ ದಾಖಲೆಯಲ್ಲಿ ಹನ್ನೊಂದು.

ಈ ಎರಡೂವರೆ ವರ್ಷದ ಅಂತರ ಎತ್ತರದ ಲೆಕ್ಕದಲ್ಲಿ ಎಷ್ಟಾಗುತ್ತದೆ? 1952ರಲ್ಲಿ ನ್ಯಾನ್ಸಿ ಬೇಲಿ ಮತ್ತು ಸ್ಯಾಮ್ಯುಯೆಲ್ ಪಿನ್ನೋ ಒಂದು ಕೋಷ್ಟಕ ಪ್ರಕಟಿಸಿದರು. ಮೂಳೆಯ ವಯಸ್ಸು ಇಂತಿಷ್ಟಾಗಿರುವ ಮಗು ತನ್ನ ಕೊನೆಯ ಎತ್ತರದಲ್ಲಿ ಶೇಕಡಾ ಎಷ್ಟನ್ನು ತಲುಪಿದೆ ಎಂಬುದೇ ಆ ಕೋಷ್ಟಕ. ಈ ಹುಡುಗನ ಎತ್ತರ 140 ಸೆಂಟಿಮೀಟರ್. ಅವನ ಮೂಳೆಯೂ ಹದಿಮೂರೂವರೆಯದೇ ಆಗಿದ್ದರೆ, ಕೊನೆಯ ಎತ್ತರದ ಸುಮಾರು ಶೇ 90 ಆಗಿಹೋಗಿದೆ ಎಂದರ್ಥ. 140ನ್ನು 0.90ರಿಂದ ಭಾಗಿಸಿದರೆ 155 ಚಿಲ್ಲರೆ. ಮೂಳೆ 11ರದ್ದಾಗಿ, ವಯಸ್ಸಿಗಿಂತ ಹಿಂದುಳಿದಿದ್ದರೆ ಕೋಷ್ಟಕ ಹೇಳುವುದು ಶೇ 82.3. ಭಾಗಿಸಿದರೆ 170. ಅದೇ ಹುಡುಗ, ಅದೇ ಎತ್ತರ, ನಡುವೆ 15 ಸೆಂಟಿಮೀಟರ್ ವ್ಯತ್ಯಾಸ. ‘ಪ್ಲೇಟ್ ತೆರೆದಿದೆ’ ಎಂಬ ಸಾಲು ಎರಡೂ ಸಂದರ್ಭದಲ್ಲಿ ನಿಜವೇ.

ಇಷ್ಟು ಹೇಳಿದಾಗ ಅಪ್ಪ ಮೊಬೈಲಿನಲ್ಲಿ 170 ಎಂದು ಬರೆದುಕೊಳ್ಳತೊಡಗಿದರು. ತಡೆದೆ.

ಮೊದಲನೆಯದಾಗಿ, ಆ 11 ಎಂಬುದು ನನ್ನ ಕಣ್ಣಿನ ತೀರ್ಪು. ಅದೇ ಫಿಲ್ಮನ್ನು ಪಕ್ಕದ ಕೋಣೆಯ ರೇಡಿಯಾಲಜಿಸ್ಟ್‌ಗೆ ಕೊಟ್ಟರೆ ಹನ್ನೊಂದೂವರೆ ಎನ್ನಬಹುದು, ಮತ್ತೊಬ್ಬರು 12 ಎನ್ನಬಹುದು. ಅಷ್ಟು ವ್ಯತ್ಯಾಸ ಯಾರ ತಪ್ಪೂ ಅಲ್ಲ. ಆದರೆ 12 ಎಂದುಕೊಂಡರೆ ಅದೇ ಕೋಷ್ಟಕದಲ್ಲಿ ಉತ್ತರ 166ಕ್ಕೆ ಇಳಿಯುತ್ತದೆ. ಇಬ್ಬರು ಒಳ್ಳೆಯ ವೈದ್ಯರ ನಡುವಿನ ಒಂದು ಸಣ್ಣ ಭಿನ್ನಾಭಿಪ್ರಾಯಕ್ಕೆ ನಾಲ್ಕು ಸೆಂಟಿಮೀಟರ್ ಹೋಯಿತು. ಒಬ್ಬರೇ ಓದಿದರೂ ಈ ಕೋಷ್ಟಕದ ಅಂದಾಜು ಐದು ಸೆಂಟಿಮೀಟರ್ ಆಚೀಚೆ ಆಗುವುದು ಮಾಮೂಲು. ಮೂಳೆ ಬಹಳ ಹಿಂದುಳಿದ ಮಕ್ಕಳಲ್ಲಿ ಅದು ಸ್ವಲ್ಪ ಉದಾರವಾಗಿಯೇ ಹೇಳುತ್ತದೆ, ನಿಜವಾದ ಎತ್ತರ ಅದಕ್ಕಿಂತ ಕಡಿಮೆಗೆ ನಿಲ್ಲುತ್ತದೆ.

ಎರಡನೆಯದು ಆ ಪುಸ್ತಕದ್ದೇ ಮಿತಿ. ಅದರ ಚಿತ್ರಗಳೆಲ್ಲ ಅಮೆರಿಕದ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ 1930-40ರ ದಶಕಗಳಲ್ಲಿ ತೆಗೆದವು. ಅನುಕೂಲಸ್ಥ ಬಿಳಿಯರ ಮನೆಯ ಮಕ್ಕಳ ಕೈಗಳು. ಹಾವೇರಿಯ ಹುಡುಗನ ಮೂಳೆ ಅದೇ ತಾಳಕ್ಕೆ ಬಲಿಯಬೇಕೆಂದೇನೂ ಇಲ್ಲ. ಅಲ್ಲದೆ ಆ ಕ್ಲೀವ್‌ಲ್ಯಾಂಡಿನ ಮಕ್ಕಳಲ್ಲೇ, ಪೂರ್ತಿ ಆರೋಗ್ಯವಂತರಲ್ಲೇ, ಹರೆಯದ ಹೊತ್ತಿಗೆ ಮೂಳೆಯ ವಯಸ್ಸು ನಿಜ ವಯಸ್ಸಿಗಿಂತ ಎರಡು ವರ್ಷದವರೆಗೆ ಹಿಂದೆ ಮುಂದೆ ಇರುತ್ತಿತ್ತು. ನಮ್ಮ ಸುಪ್ರೀಂ ಕೋರ್ಟ್ ಕೂಡ 1982ರಲ್ಲೇ, ಜಯಮಾಲಾ ಪ್ರಕರಣದಲ್ಲಿ, ಎಕ್ಸ್‌ರೇಯಿಂದ ಹೇಳುವ ವಯಸ್ಸಿಗೆ ಎರಡೂ ಕಡೆ ಎರಡೆರಡು ವರ್ಷದ ಅಂತರ ಬಿಡಬೇಕೆಂದು ಗಮನಿಸಿದೆ. ನ್ಯಾಯಾಧೀಶರು ಒಪ್ಪಿಕೊಂಡದ್ದನ್ನು ನಾವು ತಂದೆತಾಯಿ ಮಾತ್ರ ಒಪ್ಪಲೊಲ್ಲೆವು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವಂಥದ್ದು. ಮೂಳೆ ಹಿಂದುಳಿದಿದೆ ಎಂದು ಎಕ್ಸ್‌ರೇ ಹೇಳುತ್ತದೆ, ಯಾಕೆ ಹಿಂದುಳಿದಿದೆ ಎಂದು ಹೇಳುವುದಿಲ್ಲ. ತಡವಾಗಿ ಹರೆಯಕ್ಕೆ ಬರುವ ಮನೆತನದ ಹುಡುಗನ ಮೂಳೆಯೂ ಹಿಂದುಳಿದಿರುತ್ತದೆ. ಥೈರಾಯ್ಡ್ ಸೋತವನದ್ದೂ ಹಿಂದುಳಿದಿರುತ್ತದೆ. ಬೆಳವಣಿಗೆ ಹಾರ್ಮೋನಿನ ಕೊರತೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ದೀರ್ಘಕಾಲದ ಅಪೌಷ್ಟಿಕತೆ, ಮೂತ್ರಪಿಂಡದ ತೊಂದರೆ, ಎಲ್ಲದರಲ್ಲೂ ಅದೇ ಚಿತ್ರ. ಮೊದಲನೆಯವನಿಗೆ ಕಾಯುವುದೇ ಮದ್ದು, ಉಳಿದವರು ಕಾದರೆ ಕೆಟ್ಟರು. ‘ಮೂಳೆ ಚಿಕ್ಕದಿದೆ, ಇನ್ನೂ ಟೈಮ್ ಇದೆ’ ಎಂಬ ಸಮಾಧಾನದಲ್ಲಿ ಎರಡು ವರ್ಷ ಕಳೆದು ಬಂದ ಥೈರಾಯ್ಡ್ ಕೊರತೆಯ ಹುಡುಗಿಯೊಬ್ಬಳನ್ನು ನಾನು ನೋಡಿದ್ದೇನೆ. ಫಿಲ್ಮನ್ನು ಸರಿಯಾಗಿಯೇ ಓದಿದ್ದರು. ಅದಕ್ಕೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅದನ್ನೇ ಕೇಳಿದ್ದರು.

ಹಾಗಾಗಿ ಫಿಲ್ಮನ್ನು ಪಕ್ಕಕ್ಕಿಟ್ಟು ಹುಡುಗನನ್ನು ನೋಡಬೇಕಾಯಿತು. ಶಾಲೆಯ ಆರೋಗ್ಯ ಕಾರ್ಡಿನಲ್ಲಿ ಹಿಂದಿನ ವರ್ಷ ಇದೇ ತಿಂಗಳಲ್ಲಿ 135 ಎಂದಿತ್ತು. ವರ್ಷಕ್ಕೆ ಐದು ಸೆಂಟಿಮೀಟರ್. ಹರೆಯಕ್ಕೆ ಮುಂಚಿನ ಮಕ್ಕಳು ವರ್ಷಕ್ಕೆ ನಾಲ್ಕರಿಂದ ಆರು ಬೆಳೆಯುತ್ತಾರೆ. ನಾಲ್ಕಕ್ಕಿಂತ ಕಡಿಮೆಯಾಗಿದ್ದರೆ ನನ್ನ ಮುಖ ಗಂಟಿಕ್ಕುತ್ತಿತ್ತು. ನಿಜ ಹೇಳಬೇಕೆಂದರೆ ಪೆನ್ನಿನಲ್ಲಿ ಗೀಚಿದ ಆ ‘135’ ನನಗೆ ಇಡೀ ಎಕ್ಸ್‌ರೇಯಷ್ಟೇ ಬೆಲೆಯುಳ್ಳದ್ದಾಗಿತ್ತು.

ಆಮೇಲೆ ಹರೆಯದ ಪರೀಕ್ಷೆ. ಗಂಡುಮಕ್ಕಳಲ್ಲಿ ವೃಷಣದ ಗಾತ್ರ ಅಳೆಯಲು ಜಪಮಾಲೆಯಂಥ ಒಂದು ಸರವಿದೆ, ಮಣಿಗಳು ಒಂದಕ್ಕಿಂತ ಒಂದು ದೊಡ್ಡವು, ಮೇಲೆ ಮಿಲಿಲೀಟರ್ ಸಂಖ್ಯೆ ಬರೆದಿರುತ್ತದೆ. ನಾಲ್ಕು ಮಿಲಿಲೀಟರ್ ಮುಟ್ಟಿದರೆ ಹರೆಯ ಶುರುವಾಯಿತು ಎಂದು ಲೆಕ್ಕ. ಹುಡುಗ ಆಗಷ್ಟೇ ಆ ಮಣಿಗೆ ಬಂದಿದ್ದ. ಮೀಸೆಯ ಸುಳಿವಿರಲಿಲ್ಲ, ದನಿ ಒಡೆದಿರಲಿಲ್ಲ. ಅಂದರೆ ಹರೆಯದ ಜಿಗಿತ ಪೂರ್ತಿ ಬಾಕಿ ಇದೆ. ಮೂಳೆ ಹೇಳಿದ್ದನ್ನೇ ಮೈಯೂ ಹೇಳಿತು.

‘ನೀವು ಯಾವಾಗ ಎತ್ತರ ಆದಿರಿ?’ ಎಂದು ಅಪ್ಪನನ್ನು ಕೇಳಿದೆ. ಅವರು ಸ್ವಲ್ಪ ನಾಚಿಕೊಂಡರು. ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೋದಲ್ಲಿ ಕೆಳಗೆ ಕೂತವರ ಸಾಲಿನಲ್ಲಿದ್ದರಂತೆ, ಬೆಳೆದದ್ದೆಲ್ಲ ಪಿಯುಸಿ ದಾಟಿದ ಮೇಲಂತೆ. ನಿಲ್ಲಿಸಿ ಅಳೆದೆವು. ಅಪ್ಪ 168, ಅಮ್ಮ 154. ಗಂಡುಮಗುವಾದರೆ ಇಬ್ಬರ ಎತ್ತರ ಕೂಡಿ, 13 ಸೇರಿಸಿ, ಅರ್ಧ ಮಾಡಬೇಕು. ಹೆಣ್ಣಾದರೆ 13 ಕಳೆದು ಅರ್ಧ ಮಾಡಬೇಕು. ಹುಡುಗನಿಗೆ 167.5 ಬಂತು, ಎಂಟು ಸೆಂಟಿಮೀಟರ್ ಆಚೆ, ಎಂಟು ಈಚೆ. ಮೂಳೆಯ ಲೆಕ್ಕದ 166-170 ಇದರೊಳಗೇ ಕೂರುತ್ತದೆ. ಕೂರದಿದ್ದರೆ, ಕೋಷ್ಟಕ 152 ಎಂದು ಹೇಳಿ ಮನೆತನ 167 ಎಂದಿದ್ದರೆ, ಆಗ ಕಾಯಿಲೆ ಹುಡುಕಬೇಕಿತ್ತು. ಇಲ್ಲಿಯೂ ರಕ್ತ ಪರೀಕ್ಷೆ ಬಿಡಲಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರಪಿಂಡ, ಸೀಲಿಯಾಕ್ ಎಲ್ಲ ಸರಿಯಿತ್ತು. ಹಾರ್ಮೋನ್ ಇಂಜೆಕ್ಷನ್ನಿನ ಮಾತು ಅಲ್ಲಿಗೆ ಮುಗಿಯಿತು.

ಇದರ ತಿರುವುಮುರುವು ಕಥೆಗೆ ತಂದೆತಾಯಿ ಗಾಬರಿಯಾಗುವುದೇ ಇಲ್ಲ, ಅದೇ ಕಷ್ಟ. ಎಂಟು ವರ್ಷದ ಹುಡುಗಿ, 134 ಸೆಂಟಿಮೀಟರ್, ತರಗತಿಗೇ ಎತ್ತರ. ‘ನಮ್ಮವಳು ಅತ್ತೆ ಥರ ಎತ್ತರ’ ಎಂದು ಮನೆಯವರ ಹೆಮ್ಮೆ. ಏಳು ವರ್ಷಕ್ಕೇ ಎದೆ ಬೆಳೆಯತೊಡಗಿತ್ತು. ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು 11. ಆ ಹಂತದ ಹುಡುಗಿ ಕೊನೆಯ ಎತ್ತರದ ಹತ್ತಿರಹತ್ತಿರ ಶೇ 90 ಮುಗಿಸಿರುತ್ತಾಳೆ. ಲೆಕ್ಕ ಹಾಕಿದರೆ 150ರ ಆಸುಪಾಸು. ಇವತ್ತು ಹಿಂದಿನ ಬೆಂಚಿನಲ್ಲಿರುವವಳು ಹತ್ತನೇ ತರಗತಿಗೆ ಮೊದಲ ಬೆಂಚಿಗೆ ಬರುತ್ತಾಳೆ. ಎಂಟು ವರ್ಷಕ್ಕೆ ಮುಂಚೆ ಎದೆ ಕಾಣಿಸಿಕೊಂಡ ಹೆಣ್ಣುಮಗುವನ್ನು, ಒಂಬತ್ತಕ್ಕೆ ಮುಂಚೆ ಹರೆಯದ ಲಕ್ಷಣ ತೋರಿದ ಗಂಡುಮಗುವನ್ನು ಕಾಯಿಸದೆ ತೋರಿಸಬೇಕು. ಅಂಥವರಲ್ಲಿ ಹರೆಯವನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಚುಚ್ಚುಮದ್ದು ಇದೆ, ಮೂಳೆ ಬಲಿಯುವ ಮೊದಲು ಕೊಟ್ಟರಷ್ಟೇ ಎತ್ತರಕ್ಕೆ ಉಪಯೋಗ. ಮೈನೆರೆದ ಮೇಲೆ ಹುಡುಗಿ ಬೆಳೆಯುವುದೇ ಇಲ್ಲ ಎಂದು ಅಜ್ಜಿಯಂದಿರು ಹೇಳುವುದು ಮಾತ್ರ ಪೂರ್ತಿ ನಿಜವಲ್ಲ. ಸಾಮಾನ್ಯವಾಗಿ ಇನ್ನೂ ಐದರಿಂದ ಏಳು ಸೆಂಟಿಮೀಟರ್ ಬಾಕಿ ಇರುತ್ತದೆ.

ಇನ್ನೊಂದು ಮಾತು ಬಾಕಿ ಇದೆ. ಬೆರಳು ಉದ್ದವಾದರೆ ಯಾರೂ ಎತ್ತರವಾಗುವುದಿಲ್ಲ. ನಮ್ಮನ್ನು ಎತ್ತರ ಮಾಡುವುದು ಕಾಲು ಮತ್ತು ಬೆನ್ನುಮೂಳೆ. ಕಾಲಿನ ಬೆಳವಣಿಗೆಯ ಹೆಚ್ಚು ಪಾಲು ಮೊಣಕಾಲಿನ ಮೇಲೊಂದು ಕೆಳಗೊಂದು ಇರುವ ಎರಡು ಪ್ಲೇಟ್‌ಗಳಲ್ಲಿ ನಡೆಯುತ್ತದೆ. ಒಂದೇ ಫಿಲ್ಮಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೂಳೆಗಳು ಸಿಗುತ್ತವೆ, ಅವು ಗೊತ್ತಾದ ಕ್ರಮದಲ್ಲಿ ಬಲಿಯುತ್ತವೆ ಎಂಬುದಕ್ಕಾಗಿ ಕೈಯನ್ನು ನೋಡುತ್ತೇವೆ, ಅಷ್ಟೇ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ. ಬೆರಳಿನ ತುದಿಯ ಮೂಳೆಗಳು ಮೊದಲು ಮುಚ್ಚುತ್ತವೆ, ಮಣಿಕಟ್ಟಿನ ಮೇಲಿನ ಮುಂಗೈ ಮೂಳೆ ಎಲ್ಲಕ್ಕಿಂತ ಕೊನೆಗೆ. ಅದೂ ಬೆಸೆದಿದ್ದರೆ ಎತ್ತರದ ಶೇ 99 ಮುಗಿದಿದೆ. ಬೆನ್ನುಮೂಳೆಯಲ್ಲಿ ಉಳಿದ ಅಷ್ಟಿಷ್ಟು ಬೆಳವಣಿಗೆ ಈ ಫಿಲ್ಮಿನಲ್ಲಿ ಕಾಣುವುದಿಲ್ಲ. ಆದರೆ ಒಮ್ಮೆ ಬೆಸೆದ ಪ್ಲೇಟನ್ನು ಬಾರ್‌ಗೆ ಜೋತುಬೀಳುವುದರಿಂದಾಗಲಿ, ಹಾಲಿಗೆ ಹಾಕುವ ಪುಡಿಯಿಂದಾಗಲಿ, ಬೆಳವಣಿಗೆ ಹಾರ್ಮೋನಿನಿಂದಾಗಲಿ ಮತ್ತೆ ತೆರೆಯಲಾಗದು. ಹತ್ತೊಂಬತ್ತರ ಹುಡುಗನಿಗೆ ‘ಆರು ತಿಂಗಳಲ್ಲಿ ಮೂರು ಇಂಚು’ ಎನ್ನುವ ಜಾಹೀರಾತು ಶುದ್ಧ ಮೋಸ.

ಹುಡುಗ ಆರಾರು ತಿಂಗಳಿಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಹದಿನೈದು ದಾಟಿದ ವರ್ಷ ಒಂದೇ ಸಲಕ್ಕೆ ಒಂಬತ್ತು ಸೆಂಟಿಮೀಟರ್ ಬೆಳೆದ. ಹತ್ತೊಂಬತ್ತಕ್ಕೆ 166ರಲ್ಲಿ ನಿಂತ. ಅಪ್ಪ ಬರೆದುಕೊಳ್ಳಲು ಹೊರಟಿದ್ದ 170 ಬರಲಿಲ್ಲ.

ನೀವು ಮಗುವಿನ ಎತ್ತರದ ಚಿಂತೆಯಿಂದ ವೈದ್ಯರ ಬಳಿ ಹೋಗುವುದಾದರೆ ಹಳೆಯ ಅಳತೆಗಳನ್ನು ತೆಗೆದುಕೊಂಡು ಹೋಗಿ. ಲಸಿಕೆ ಕಾರ್ಡು, ಶಾಲೆಯ ಆರೋಗ್ಯ ಕಾರ್ಡು, ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರೆ ಅದರ ಫೋಟೋ, ಎಲ್ಲಕ್ಕೂ ತಾರೀಖು ಇರಲಿ. ತಂದೆತಾಯಿ ಇಬ್ಬರೂ ಹೋಗಿ, ನಿಮ್ಮ ಎತ್ತರವನ್ನು ಬಾಯಲ್ಲಿ ಹೇಳದೆ ಅಳೆಸಿಕೊಳ್ಳಿ. ಗಂಡಸರು ಇದರಲ್ಲಿ ಎರಡು ಸೆಂಟಿಮೀಟರಾದರೂ ಸೇರಿಸಿ ಹೇಳುತ್ತಾರೆ. ಕೈ ಎಕ್ಸ್‌ರೇ ಬೇಕೋ ಬೇಡವೋ ಎಂಬುದನ್ನು ಇವನ್ನೆಲ್ಲ ನೋಡಿದ ಮೇಲೆ ಅವರೇ ಹೇಳಲಿ.